ಹಾಜರಿಗೆ ಬೆರಳು ಕೇಳುವ ಮೊದಲು

ಎಲ್ಲರಿಗೂ ನಮಸ್ಕಾರ.

ನನ್ನ ಅಕ್ಕನ ಮಗ ಆರನೇ ಕ್ಲಾಸು. ಅವನ ಶಾಲೆಯಿಂದ ಒಂದು ಫಾರ್ಮ್ ಬಂತು. ಹಾಜರಿಗಾಗಿ ನನ್ನ ಮಗುವಿನ ಬೆರಳಚ್ಚು ಪಡೆಯಲು ಒಪ್ಪಿಗೆ ಇದೆ ಅಂತ ಅಚ್ಚಾಗಿತ್ತು, ಕೆಳಗೆ ಸಹಿಗೆ ಜಾಗ. ಒಪ್ಪಿಗೆ ಇಲ್ಲದವರು ಎಲ್ಲಿ ಸಹಿ ಮಾಡಬೇಕು? ಅಕ್ಕ ಹೋಗಿ ಕೇಳಿದಳು. "ಎಲ್ಲರೂ ಕೊಟ್ಟಾಯ್ತು ಮೇಡಂ, ನೀವೊಬ್ಬರೇ ಬಾಕಿ" ಅಂದರಂತೆ. ಅಕ್ಕ ಅಲ್ಲೇ ಸಹಿ ಹಾಕಿ ಬಂದಳು.

ಆ ಸಹಿಯನ್ನು ಒಪ್ಪಿಗೆ ಅನ್ನಬಹುದಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ. ಇದಕ್ಕೆ ಸರಿಯಾಗಿ ಹೊಂದುವ ಒಂದು ಪ್ರಕರಣ ಸ್ವೀಡನ್‌ನಲ್ಲಿ ನಡೆದಿದೆ.

ಸ್ವೀಡನ್‌ನ ಉತ್ತರದಲ್ಲಿ ಶೆಲೆಫ್ಟಿಯೊ ಅಂತ ಒಂದು ಊರು. ಅಲ್ಲಿನ ಹೈಸ್ಕೂಲೊಂದರಲ್ಲಿ 2018ರಲ್ಲಿ ಒಂದು ಪ್ರಯೋಗ ಮಾಡಿದರು. ಒಂದೇ ಕ್ಲಾಸು, 22 ಮಕ್ಕಳು, ಮೂರು ವಾರ. ಮಕ್ಕಳು ಒಳಗೆ ಬರುವಾಗ ಕ್ಯಾಮೆರಾ ಮುಖ ನೋಡಿ ಹಾಜರಿ ಹಾಕುತ್ತಿತ್ತು. ಹಾಜರಿ ಕರೆಯುವುದರಲ್ಲೇ ವರ್ಷಕ್ಕೆ 17,280 ಗಂಟೆ ಹೋಗುತ್ತದೆ ಅನ್ನುವುದು ಶಾಲೆಯ ಲೆಕ್ಕ.

ಆ ಶಾಲೆ ತಕ್ಕಮಟ್ಟಿಗೆ ಎಚ್ಚರಿಕೆಯಿಂದಲೇ ನಡೆದುಕೊಂಡಿತ್ತು. ಮಾಹಿತಿ ಇದ್ದದ್ದು ಇಂಟರ್ನೆಟ್ಟೇ ಇಲ್ಲದ ಒಂದು ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಮನೆಯವರ ಒಪ್ಪಿಗೆ ಪಡೆದಿದ್ದರು. ಬೇಡ ಅನ್ನುವವರು ಹೊರಗುಳಿಯಲು ಅವಕಾಶವೂ ಇತ್ತು. ನಮ್ಮಲ್ಲಿ ಇಷ್ಟು ಮಾಡಿದ ಶಾಲೆ ಸಿಕ್ಕರೆ ನಾನೇ ಹೋಗಿ ಶಾಲು ಹೊದಿಸಿ ಬರುತ್ತೇನೆ.

ಆದರೂ 2019ರ ಆಗಸ್ಟ್‌ನಲ್ಲಿ ಆ ದೇಶದ ಡೇಟಾ ಸಂರಕ್ಷಣಾ ಇಲಾಖೆ 2 ಲಕ್ಷ ಕ್ರೋನಾ ದಂಡ ಹಾಕಿತು. ಆಗಿನ ನಮ್ಮ ಲೆಕ್ಕದಲ್ಲಿ ಸುಮಾರು 15 ಲಕ್ಷ ರೂಪಾಯಿ. ಯಾವ ಮಾಹಿತಿಯೂ ಸೋರಿರಲಿಲ್ಲ, ಯಾವ ಮಗುವಿಗೂ ಏನೂ ಆಗಿರಲಿಲ್ಲ. ಮತ್ತೆ ದಂಡ ಏಕೆ? ಮುಖ್ಯವಾಗಿ ಎರಡು ಕಾರಣ. ಅಂಕ ಕೊಡುವುದು ಶಾಲೆ, ಮುಂದಿನ ದಾರಿ ಶಾಲೆಯ ಕೈಯಲ್ಲಿ. ಹಾಗಿರುವಾಗ ಅದು ಕೇಳಿದ್ದಕ್ಕೆ ಮಕ್ಕಳಾಗಲಿ ಮನೆಯವರಾಗಲಿ 'ಹೂಂ' ಅಂದರೆ ಅದನ್ನು ಮನಸಾರೆ ಕೊಟ್ಟ ಒಪ್ಪಿಗೆ ಅನ್ನಲಾಗದು. ಎರಡನೆಯದು, ಹಾಜರಿ ಹಾಕಲು ಇಷ್ಟು ದೂರ ಹೋಗದೆಯೂ ಬೇರೆ ದಾರಿ ಇದೆ. ಹೆಸರು ಕರೆದರೆ ಸಾಕಲ್ವಾ?

ಅಂದರೆ ಬೀರುವಿನ ಬೀಗ ಎಷ್ಟು ಗಟ್ಟಿ ಅನ್ನುವುದು ಆಮೇಲಿನ ಪ್ರಶ್ನೆ. ಅದು ಬೇಕಿತ್ತಾ, ಬೇಡ ಅನ್ನುವವರಿಗೆ ನಿಜವಾಗಿ ಜಾಗ ಇತ್ತಾ ಅನ್ನುವುದು ಮೊದಲನೆಯದು.

ಈಗ ನಮ್ಮ ಬೆರಳಚ್ಚು ಮೆಷಿನ್ನಿಗೆ ಬರೋಣ. ಅದನ್ನು ಮಾರಲು ಬಂದವರು ಸಾಮಾನ್ಯವಾಗಿ ಹೇಳುವ ಮಾತು ಒಂದಿದೆ: "ನಾವು ಬೆರಳಿನ ಫೋಟೋ ಇಟ್ಟುಕೊಳ್ಳಲ್ಲ ಸಾರ್, ಬರೀ ನಂಬರ್." ಮಾತು ಅರ್ಧ ನಿಜ. ಬೆರಳ ತುದಿಯ ಗೆರೆಗಳು ಎಲ್ಲಿ ಮುಗಿಯುತ್ತವೆ, ಎಲ್ಲಿ ಕವಲೊಡೆಯುತ್ತವೆ, ಯಾವ ಕಡೆ ತಿರುಗಿವೆ ಅನ್ನುವುದನ್ನು ಮೆಷಿನ್ ಗುರುತು ಮಾಡಿಕೊಳ್ಳುತ್ತದೆ. ಆ ಪಟ್ಟಿಗೆ ಟೆಂಪ್ಲೇಟ್ ಅನ್ನುತ್ತಾರೆ. ಆದರೆ ಆ ಪಟ್ಟಿಯಿಂದಲೇ ಮೆಷಿನ್ನನ್ನು ಮೋಸ ಮಾಡುವಂಥ ಬೆರಳಚ್ಚನ್ನು ಮತ್ತೆ ಕಟ್ಟಬಹುದು ಅಂತ ಸಂಶೋಧಕರು ತೋರಿಸಿ ಎಷ್ಟೋ ವರ್ಷವಾಯಿತು. ಹಾಗಾಗಿ ಬರೀ ನಂಬರ್ ಅನ್ನುವುದು ಸಮಾಧಾನದ ಮಾತಲ್ಲ.

ಕದ್ದು ಏನು ಮಾಡ್ತಾರೆ ಬಿಡಿ ಅಂತ ಯಾರಾದರೂ ಅಂದರೆ 2023 ನೆನಪಿಸಿ. ನಮ್ಮ ರಾಜ್ಯದಲ್ಲೇ, ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಬಳಸಿ ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ದೂರುಗಳು ಬಂದವು. ಒಟಿಪಿ ಬರಲಿಲ್ಲ, ಯಾರೂ ಫೋನ್ ಮಾಡಿ ಕೇಳಲಿಲ್ಲ. ಆರನೇ ಕ್ಲಾಸಿನ ಹುಡುಗನಿಗೆ ಈಗ ಖಾತೆಯಲ್ಲಿ ದುಡ್ಡಿಲ್ಲ, ನಿಜ. ಆದರೆ ಅವನು ಮುಂದೆ ಸಂಬಳ ತೆಗೆಯುವುದು, ರೇಷನ್ ತರುವುದು ಇದೇ ಬೆರಳಿನಿಂದ.

ಇನ್ನೊಂದು ತೊಂದರೆ ಮಕ್ಕಳ ಬೆರಳಿನದ್ದೇ. ಗೆರೆಗಳ ವಿನ್ಯಾಸ ಬದಲಾಗುವುದಿಲ್ಲ, ಆದರೆ ಬೆರಳು ಬೆಳೆಯುತ್ತದೆ, ಗೆರೆಗಳ ನಡುವಿನ ಅಂತರ ಹಿಗ್ಗುತ್ತದೆ. ಆಧಾರ್‌ನಲ್ಲೂ ಐದು ತುಂಬುವವರೆಗೆ ಬೆರಳಚ್ಚು ತೆಗೆಯುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ ತೆಗೆದು, ಹದಿನೈದು ತುಂಬಿದ ಮೇಲೆ ಮತ್ತೆ ತೆಗೆಯಬೇಕು. ಇದರ ಜೊತೆಗೆ ಚಳಿಗಾಲದಲ್ಲಿ ಚರ್ಮ ಒಡೆಯುತ್ತದೆ, ಹಬ್ಬಕ್ಕೆ ಮೆಹಂದಿ ಹಚ್ಚಿರುತ್ತಾರೆ. ಮೆಷಿನ್ ಒಪ್ಪುವುದಿಲ್ಲ. ಮಗು ಸಾಲಿನಲ್ಲಿ ನಿಂತು ಮೂರು ಸಲ ಬೆರಳು ಒರೆಸಿಕೊಂಡು ಒತ್ತುತ್ತದೆ, ಹಿಂದಿನವರು ನಗುತ್ತಾರೆ. ಆ ದಿನದ ಬಿಸಿಯೂಟದ ಲೆಕ್ಕ ಮೆಷಿನ್ನಿನಿಂದಲೇ ಬರುವುದಾದರೆ, ಆ ಮಗುವಿನ ತಟ್ಟೆ ಲೆಕ್ಕದಲ್ಲಿ ಇರುತ್ತದಾ?

ಬಿಸಿಯೂಟದ ಮಾತು ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. 2025ರಲ್ಲಿ ನಮ್ಮ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಮುಖ ಗುರುತಿಸುವ ಹಾಜರಿ ತರುವ ಯೋಜನೆ ಬಂತು. ಬಿಸಿಯೂಟದಂಥವುಗಳ ಲೆಕ್ಕಕ್ಕಾಗಿ ಸುಳ್ಳು ಹಾಜರಿ ತೋರಿಸುವುದನ್ನು ತಡೆಯುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಆದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರ ಹಾಜರಿ ಇನ್ನೊಬ್ಬರು ಹೇಳಿದರೆ ಟೀಚರಿಗೆ ಗೊತ್ತಾಗದೇ ಇರುತ್ತದಾ? ಲೆಕ್ಕ ಉಬ್ಬಿಸುವುದಿದ್ದರೆ ದೊಡ್ಡವರು ಉಬ್ಬಿಸುತ್ತಾರೆ. ಮೆಷಿನ್ ಕೈಕೊಟ್ಟಾಗ ಕೈಯಿಂದ ಹಾಜರಿ ಹಾಕುವ ಬಟನ್ ಇರುವುದು ಆ ದೊಡ್ಡವರ ಬಳಿಯೇ. ದೊಡ್ಡವರ ಮೇಲಿನ ಅನುಮಾನಕ್ಕೆ ಮಕ್ಕಳ ಮುಖ ಅಡವಿಡುವುದು ನನಗಂತೂ ಸರಿ ಕಾಣುವುದಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ಕೇಳುತ್ತೀರಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಪ್ರಕಾರ 18 ತುಂಬದವರ ಮಾಹಿತಿ ಪಡೆಯಲು ಅಪ್ಪ ಅಮ್ಮನ ಒಪ್ಪಿಗೆ ಬೇಕು. ಆದರೆ 2025ರ ನಿಯಮಗಳು ಓದಿನ ಚಟುವಟಿಕೆ ಮತ್ತು ಸುರಕ್ಷತೆಯ ಹೆಸರಿನಲ್ಲಿ ಶಾಲೆಗಳಿಗೆ ಸಡಿಲಿಕೆ ಕೊಟ್ಟಿವೆ. ಅಲ್ಲದೆ ಈ ಕಾಯ್ದೆಯಲ್ಲಿ ಫೋನ್ ನಂಬರಿಗೂ ಬೆರಳಚ್ಚಿಗೂ ಭೇದವಿಲ್ಲ. ಯುರೋಪಿನ ಕಾನೂನು ಬೆರಳಚ್ಚಿನಂಥದ್ದನ್ನು ಬೇರೆ ಸಾಲಿನಲ್ಲಿ ಕೂರಿಸುತ್ತದೆ. ಹಾಗಾಗಿ ಕಾನೂನು ನೋಡಿಕೊಳ್ಳುತ್ತೆ ಅಂತ ನಾವು ಸುಮ್ನೆ ಕೂರುವ ಹಾಗಿಲ್ಲ.

ನನಗೆ ಇಷ್ಟವಾದದ್ದು ಇಂಗ್ಲೆಂಡ್ ಮತ್ತು ವೇಲ್ಸ್‌ನ 2012ರ ಒಂದು ಕಾಯ್ದೆ. ಅಲ್ಲಿ ಶಾಲೆ ಬೆರಳಚ್ಚು ತೆಗೆಯಬೇಕಾದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬರೆದು ಒಪ್ಪಬೇಕು, ಇನ್ನೊಬ್ಬರು ಬರೆದು ಬೇಡ ಅಂದಿರಬಾರದು. ಮನೆಯವರು ಒಪ್ಪಿದ ಮೇಲೂ ಮಗು ಬೇಡ ಅಂದರೆ ಮುಗಿಯಿತು, ತೆಗೆಯುವ ಹಾಗಿಲ್ಲ. ಆ ಮಗುವಿಗೆ ಬೇರೆ ದಾರಿ ಮಾಡಿಕೊಡುವುದು ಶಾಲೆಯ ಕೆಲಸ. ಬೆರಳು ಮಗುವಿನದ್ದು, ಮಾತೂ ಮಗುವಿನದ್ದೇ. ನಮ್ಮ ಕಾಯ್ದೆಯಲ್ಲಿ ಹದಿನೇಳು ವರ್ಷದ ಪಿಯು ಹುಡುಗಿಗೂ ಈ ಮಾತಿಲ್ಲ.

ಇಷ್ಟೆಲ್ಲ ಆದಮೇಲೂ ನಿಮ್ಮ ಶಾಲೆ ಮೆಷಿನ್ ತಂದೇ ತರುತ್ತದೆ ಅಂದುಕೊಳ್ಳಿ. ಪೋಷಕರ ಸಭೆಯಲ್ಲಿ ಟಿಸಿಯ ಬಗ್ಗೆ ಕೇಳಿ ನೋಡಿ. ಹಾಜರಿ ದಾಖಲೆ ಬೇರೆ, ಟೆಂಪ್ಲೇಟ್ ಬೇರೆ. ಯಾವ ದಿನ ಬಂದ, ಯಾವ ದಿನ ಬರಲಿಲ್ಲ ಅನ್ನುವುದನ್ನು ಶಾಲೆ ವರ್ಷಗಟ್ಟಲೆ ಇಡಲಿ. ಆದರೆ ಟಿಸಿ ತೆಗೆದುಕೊಂಡು ಹೋದ ಮಗುವಿನ ಬೆರಳಿನಿಂದ ಶಾಲೆಗೆ ಏನು ಕೆಲಸ? ಟೆಂಪ್ಲೇಟ್ ಅಳಿಸಿದ್ದೇವೆ ಅಂತ ಅವತ್ತೇ ಬರೆದುಕೊಡಬೇಕು. ಗೋಡೆಯ ಮೇಲಿನ ಮೆಷಿನ್ನಿನಿಂದ ಮಾತ್ರ ಅಲ್ಲ, ಕಂಪನಿಯ ಸರ್ವರಿನಿಂದ, ಅದರ ಬ್ಯಾಕಪ್‌ನಿಂದಲೂ.

ಅಕ್ಕ ಇದನ್ನು ಆಫೀಸಿನಲ್ಲಿ ಕೇಳಿದಳು. ಅಲ್ಲಿದ್ದವರು ಮೆಷಿನ್ ಹಾಕಿದವನ ನಂಬರ್ ಕೊಟ್ಟರು. ಅವನು ಫೋನ್ ಎತ್ತಿ, "ಡಿಲೀಟ್ ಆಪ್ಷನ್ ಇದೆಯಾ ನೋಡಬೇಕು ಮೇಡಂ, ಇದುವರೆಗೂ ಯಾರೂ ಕೇಳಿಲ್ಲ" ಅಂದ.