ಹುಣ್ಣಿಮೆಗೊಂದು, ಅಮಾವಾಸ್ಯೆಗೊಂದು: ನಾಯಿಮರಿಯ ಜಂತಿನ ಮದ್ದು

ಎಲ್ಲರಿಗೂ ನಮಸ್ಕಾರ. ನಮ್ಮ ಶಿರಸಿ ಕಡೆಯ ತೋಟದ ಮನೆಗಳಲ್ಲಿ ನಾಯಿ ಇಲ್ಲದ ಅಂಗಳ ಕಡಿಮೆ. ಅದಕ್ಕೇ ಇವತ್ತು ಜಂತಿನ ಮದ್ದಿನ ಬಗ್ಗೆ ಮಾತ್ರ ಮಾತಾಡುತ್ತೇನೆ.

ನಮ್ಮ ಕರಿಯ ಮನೆಗೆ ಬಂದಾಗ ಒಂದು ತಿಂಗಳ ಮರಿ. ಹೊಟ್ಟೆ ಗುಡಾಣ, ಮೈಯಲ್ಲಿ ಎಲುಬು. "ಉಣ್ಣುವುದೇನೋ ಉಣ್ಣುತ್ತದೆ, ಮೈಗೆ ಹತ್ತುವುದಿಲ್ಲ" ಎಂದು ಆಯಿ ಪೇಚಾಡುತ್ತಿದ್ದಳು. ಪಶುವೈದ್ಯರು ಕೊಟ್ಟ ಮದ್ದು ಕುಡಿಸಿದ ಮರುದಿನ ಶ್ಯಾವಿಗೆಯಂಥ ಹುಳುಗಳು ಬಿದ್ದವು. ಇನ್ನೇನು, ಮುಗಿಯಿತು ಅಂದುಕೊಂಡೆವು. ಮೂರು ವಾರ ಕಳೆಯುವುದರೊಳಗೆ ಹೊಟ್ಟೆ ಮತ್ತೆ ಉಬ್ಬಿತು.

ಮದ್ದು ಕೆಟ್ಟದ್ದಿರಲಿಲ್ಲ, ನಾವು ಒಂದೇ ಸಲಕ್ಕೆ ನಿಲ್ಲಿಸಿದ್ದೆವು. ತಾಯಿನಾಯಿಯ ಮೈಯಲ್ಲಿ ಅಡಗಿರುವ ದುಂಡುಹುಳುವಿನ ಮರಿಗಳು ಬಸಿರಿನಲ್ಲೇ ನಾಯಿಮರಿಗೆ ದಾಟುತ್ತವೆ, ಮೊಲೆಹಾಲಿನಲ್ಲೂ ಬರುತ್ತವೆ. ಮದ್ದು ಮುಖ್ಯವಾಗಿ ಆ ಹೊತ್ತಿಗೆ ಕರುಳಿನಲ್ಲಿರುವ ಹುಳುಗಳನ್ನು ಕೊಲ್ಲುತ್ತದೆ. ಮೈಯೊಳಗೆ ಇನ್ನೂ ಸುತ್ತುತ್ತಿರುವವು ಆಮೇಲೆ ಕರುಳಿಗೆ ಇಳಿದು ಬಲಿಯುತ್ತವೆ. ಹಾಗಾಗಿ ಮರಿಗೆ ಎರಡು ವಾರವಾದಾಗ ಶುರುಮಾಡಿ, ಮೂರು ತಿಂಗಳಾಗುವವರೆಗೆ ಹದಿನೈದು ದಿನಕ್ಕೊಮ್ಮೆ ಕೊಡಬೇಕು. ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ.

ಈ ಹದಿನೈದು ದಿನವನ್ನು ನೆನಪಿಡಲು ಮೊದಲು ಮೊಬೈಲಿನಲ್ಲಿ ಅಲಾರಾಂ ಇಟ್ಟೆ. ಅದು ಬೆಳಿಗ್ಗೆ ಹತ್ತಕ್ಕೆ ಹೊಡೆಯುತ್ತಿತ್ತು, ಆಗ ನಾನು ತೋಟದಲ್ಲಿ. ಆಮೇಲೆ ಆಯಿಯೇ ದಾರಿ ತೋರಿದಳು: ಹುಣ್ಣಿಮೆಗೊಂದು, ಅಮಾವಾಸ್ಯೆಗೊಂದು. ಅವೆರಡನ್ನು ನಮ್ಮ ಮನೆಯಲ್ಲಿ ಯಾರೂ ಮರೆಯುವುದಿಲ್ಲ. ದೊಡ್ಡದಾದ ಮೇಲೆ ಸಂಕ್ರಾಂತಿಯ ಜನವರಿ 14 ಹಿಡಿದು, ಏಪ್ರಿಲ್, ಜುಲೈ, ಅಕ್ಟೋಬರ್ 14ಕ್ಕೆ ಗೋಡೆಯ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿದೆವು. ರೇಬಿಸ್ ಲಸಿಕೆಯ ತಾರೀಕೂ ಅದೇ ಕ್ಯಾಲೆಂಡರಿನಲ್ಲಿದೆ: ಮೂರು ತಿಂಗಳ ಮರಿಗೆ ಮೊದಲನೆಯದು, ಮುಂದಿನವು ವೈದ್ಯರು ಚೀಟಿಯಲ್ಲಿ ಬರೆದ ದಿನಕ್ಕೆ.

ಆದರೂ ಒಮ್ಮೆ ಎಡವಿದೆವು. ನಾನು ಮಾತ್ರೆಯನ್ನು ತೆಳ್ಳೇವಿನಲ್ಲಿ ಸುತ್ತಿ ಹಾಕಿದ್ದೆ. ಕರಿಯ ತೆಳ್ಳೇವು ತಿಂದು ಮಾತ್ರೆಯನ್ನು ತುಳಸಿಕಟ್ಟೆಯ ಹಿಂದೆ ಉಗುಳಿತ್ತು. ಕ್ಯಾಲೆಂಡರಿನಲ್ಲಿ ಮಾತ್ರ "ಕೊಟ್ಟಾಯಿತು" ಎಂದಿತ್ತು. ಈಗ ಸಂಜೆ ಹಾಲು ಕರೆದು ಬಂದ ಮೇಲೆ, ಅದಕ್ಕೆ ಊಟ ಹಾಕುವವರೇ ಮೊದಲ ತುತ್ತಿನಲ್ಲಿ ಮಾತ್ರೆ ಇಡುತ್ತಾರೆ, ನುಂಗಿದ್ದನ್ನು ಕಂಡ ಮೇಲೇ ಗುರುತು ಹಾಕುತ್ತಾರೆ. ಗುರುತಿದ್ದರೆ ಮತ್ತೊಬ್ಬರು ಇನ್ನೊಂದು ಮಾತ್ರೆ ಕೊಡುವ ಭಯವೂ ಇಲ್ಲ.

ಪ್ರತಿ ಸಲವೂ ತೂಕ ನೋಡಲೇಬೇಕು. ಕರಿಯನನ್ನು ಎತ್ತಿಕೊಂಡು ನಿಂತಾಗ 75 ಕಿಲೋ, ನಾನೊಬ್ಬನೇ ನಿಂತಾಗ 62, ಅಂದರೆ ಕರಿಯ 13 ಕಿಲೋ. ನಮಗೆ ಕೊಟ್ಟ ಮಾತ್ರೆ 10 ಕಿಲೋಗೆ ಒಂದು, ಹಾಗಾಗಿ ಒಂದೂವರೆ ಕೊಡಲು ವೈದ್ಯರು ಹೇಳಿದರು. ಮಾತ್ರೆಯಿಂದ ಮಾತ್ರೆಗೆ ಲೆಕ್ಕ ಬೇರೆ, ಪೊಟ್ಟಣ ನೋಡಿ, ಕೇಳಿಯೇ ಕೊಡಿ.

ಇಷ್ಟಾದರೂ ಬಾಲದ ಬುಡದಲ್ಲಿ ಅಕ್ಕಿಕಾಳಿನಂಥವು ಅಂಟಿಕೊಂಡಿದ್ದರೆ ಅದು ಲಾಡಿಹುಳು, ಚಿಗಟ ನುಂಗಿ ಬಂದದ್ದು. ಚಿಗಟಕ್ಕೂ ಮದ್ದು ಮಾಡದಿದ್ದರೆ ಅದು ಮತ್ತೆ ಬರುತ್ತದೆ. ಆಗ ಮುಂದಿನ 14ರವರೆಗೆ ಕಾಯಬೇಡಿ. ಒಂದು ಸಣ್ಣ ಡಬ್ಬಿಯಲ್ಲಿ ನಾಯಿಯ ಮಲದ ಚೂರು, ಜೊತೆಗೆ ಆ ಕ್ಯಾಲೆಂಡರು ಹಿಡಿದು ಪಶು ಆಸ್ಪತ್ರೆಗೆ ಹೋಗಿ.