ಕಿರಾನಿ ಅಲ್ಲ, ಕಿರಾಣಿ: ಬೋರ್ಡಿನ ಫೋಟೋದಲ್ಲಿ ಒಂದಕ್ಷರ ತಿದ್ದುವ ಬಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಹಿಡಿದುಕೊಂಡಿರೋದು ಒಂದೇ ಒಂದು ಅಕ್ಷರದ ಕೆಲಸ. ಪರದೆ ಮೇಲಿನ ಫೋಟೋ ನೋಡ್ರಿ. ತಗಡಿನ ಬೋರ್ಡು, ಹಳದಿ ನೆಲ, ಕೆಂಪು ಅಕ್ಷರ, ಅಕ್ಷರದ ಬಲಕ್ಕೆ ಮತ್ತು ಕೆಳಕ್ಕೆ ಕಪ್ಪು ನೆರಳು. ಮೇಲಿನ ಸಾಲಿನಲ್ಲಿ ‘ಶ್ರೀ ಬಸವೇಶ್ವರ ಕಿರಾನಿ ಅಂಗಡಿ’ ಅಂತ ಇದೆ. ಕೆಳಗೆ ಸಣ್ಣದಾಗಿ ‘ಬಸ್ ನಿಲ್ದಾಣದ ಹತ್ತಿರ, ಅಣ್ಣಿಗೇರಿ’. ಪಂಪನ ಹೆಸರಿನ ಜೊತೆ ಹೇಳುವ ಊರಿನಲ್ಲಿ ‘ಣ’ ತಪ್ಪಿದೆ! ಇಂಥ ತಿದ್ದುಪಡಿ ಅಂಗಡಿಯವರ ಒಪ್ಪಿಗೆಯಿಂದ ಅವರ ಜಾಹೀರಾತಿಗೆ, ಕ್ಯಾಲೆಂಡರಿಗೆ ಮಾಡೋದು ಸರಿ. ಸುದ್ದಿಯ ಚಿತ್ರಕ್ಕೆ ಮಾತ್ರ ಮಾಡಬಾರದು.

‘ನಿ’ ತೆಗೆದು ‘ಣಿ’ ಕೂರಿಸಬೇಕು. ಫಾಂಟಿನಲ್ಲಿ ಟೈಪ್ ಮಾಡಿ ಅಂಟಿಸಿದರೆ ದೂರದಿಂದಲೇ ಗೊತ್ತಾಗುತ್ತದೆ. ಈ ಪೇಂಟರ್ ಗುಡಿಸನ್ನು ಎಷ್ಟು ದೊಡ್ಡದಾಗಿ ಸುತ್ತುತ್ತಾರೆ, ಗೆರೆಯನ್ನು ಎಲ್ಲಿ ತೆಳು ಮಾಡುತ್ತಾರೆ ಅನ್ನೋದು ಯಾವ ಫಾಂಟಿಗೂ ಗೊತ್ತಿಲ್ಲ. ಅದಕ್ಕೆ ಮೊದಲು ಅದೇ ಬೋರ್ಡಿನಲ್ಲಿ ಅದೇ ಅಕ್ಷರ ಹುಡುಕಬೇಕು. ಇಲ್ಲಿ ನಮ್ಮ ಅದೃಷ್ಟ ಚೆನ್ನಾಗಿದೆ. ‘ಅಣ್ಣಿಗೇರಿ’ಯ ‘ಣ್ಣಿ’ಯಲ್ಲಿ ಕೆಳಗಿನ ಒತ್ತನ್ನು ಬಿಟ್ಟರೆ ಮೇಲೆ ಉಳಿಯೋದು ಗುಡಿಸು ಸಮೇತ ‘ಣಿ’. ಪೇಂಟರ್ ಕೈಬರಹದ್ದೇ ಮಾದರಿ ಸಿಕ್ಕಿತು.

ಆದರೆ ಅದನ್ನು ಕತ್ತರಿಸಿ ದೊಡ್ಡದು ಮಾಡಿ ಅಂಟಿಸೋದು ನಡೆಯೋದಿಲ್ಲ. ಲೆಕ್ಕ ನೋಡ್ರಿ. ಕೆಳಗಿನ ಸಾಲಿನ ಅಕ್ಷರದ ಎತ್ತರ 65 ಪಿಕ್ಸೆಲ್, ಮೇಲಿನದು 170. ಅಂದರೆ ಸುಮಾರು 2.6 ಪಟ್ಟು ಹಿಗ್ಗಿಸಬೇಕು. ಅಂಚು ಮಬ್ಬಾಗೋದು ಒಂದು ತೊಂದರೆ, ಅದಕ್ಕಿಂತ ದೊಡ್ಡದು ಗೆರೆಯ ದಪ್ಪದ್ದು. ಸಣ್ಣ ಸಾಲಿನ ಗೆರೆ 12 ಪಿಕ್ಸೆಲ್ ಇದೆ. ಹಿಗ್ಗಿಸಿದರೆ 31 ಆಗುತ್ತದೆ. ಪಕ್ಕದ ‘ರಾ’ದ ಗೆರೆ ಇರೋದು 24. ಸಣ್ಣ ಅಕ್ಷರ ಬರೆಯುವಾಗ ಬ್ರಶ್ಶು ಅದೇ ಅಳತೆಯಲ್ಲಿ ಸಣ್ಣದಾಗೋದಿಲ್ಲ, ಹಾಗಾಗಿ ಸಣ್ಣ ಅಕ್ಷರ ಸಾಮಾನ್ಯವಾಗಿ ಸ್ವಲ್ಪ ದಪ್ಪವಾಗೇ ಇರುತ್ತದೆ. ಅದಕ್ಕೆ ಅಕ್ಷರದ ಹೊರ ಅಂಚನ್ನು ಎಳೆಯಬೇಡಿ. ಗೆರೆಯ ನಟ್ಟನಡುವೆ ಪಾಥ್ ಎಳೆಯಿರಿ, ಅದನ್ನು ಹಿಗ್ಗಿಸಿ, ಆಮೇಲೆ ಆ ಪಾಥ್‌ಗೆ 24 ಪಿಕ್ಸೆಲ್ ದಪ್ಪ ಕೊಡಿ. ಗಿಂಪ್ 2.10ರಲ್ಲಿ `Edit > Stroke Path`, ತುದಿ ಗುಂಡಗೆ. ಆ ಮೇಲೆ ‘ರಾ’ ನೋಡಿಕೊಂಡು ಬಾಗುವ ಕಡೆಗಳಲ್ಲಿ ಗೆರೆಯನ್ನು ಕೈಯಿಂದ ಸ್ವಲ್ಪ ಸವೆಸಬೇಕು. ಚಪ್ಪಟೆ ಬ್ರಶ್ಶಿನ ಗೆರೆ ಎಲ್ಲ ಕಡೆ ಒಂದೇ ದಪ್ಪ ಇರೋದಿಲ್ಲ.

ಇದೆಲ್ಲ ಮಾಡೋದು ಓರೆ ಫೋಟೋದ ಮೇಲಲ್ಲ. ರಸ್ತೆಯಲ್ಲಿ ಎಡಕ್ಕೆ ನಿಂತು, ಕೆಳಗಿನಿಂದ ತೆಗೆದ ಚಿತ್ರ ಇದು. ಬೋರ್ಡಿನ ಎಡ ಅಂಚು 620 ಪಿಕ್ಸೆಲ್, ಬಲ ಅಂಚು 480. ಫೋಟೋದ ಒಂದು ನಕಲು ಮಾಡಿ, ಅದರಲ್ಲಿ ಪರ್ಸ್‌ಪೆಕ್ಟಿವ್ ಟೂಲನ್ನು `Corrective (Backward)`ಗೆ ಇಟ್ಟು, ಬೋರ್ಡಿನ ನಾಲ್ಕು ಮೂಲೆ ಹಿಡಿದು ಸಪಾಟು ಮಾಡಿ. ನಿಜವಾದ ಬೋರ್ಡು 8 ಅಡಿಗೆ 2 ಅಡಿ ಇದ್ದರೆ ಸಪಾಟಾದ ಚಿತ್ರ 2400ಕ್ಕೆ 600 ಇರಲಿ. ಈ ಅನುಪಾತ ತಪ್ಪಿದರೆ ಗುಂಡಗಿರಬೇಕಾದ ಸುರುಳಿ ಮೊಟ್ಟೆಯಾಗುತ್ತದೆ. ನಾನು ಈಗ ಹೇಳಿದ ಅಕ್ಷರದ ಅಳತೆಗಳೆಲ್ಲ ಈ ಸಪಾಟು ನಕಲಿನವು.

ಹೊಸ ‘ಣಿ’ಯನ್ನು ಬೋರ್ಡಿನಷ್ಟೇ ಅಗಲ, ಎತ್ತರದ ಖಾಲಿ ಪಾರದರ್ಶಕ ಲೇಯರ್ ಮೇಲೆ ಬರೆಯಿರಿ. ಇದೇ ಮುಖ್ಯ. ಆ ಲೇಯರನ್ನು ಮೂಲ ಫೋಟೋಗೆ ತಂದು, ಈ ಸಲ `Normal (Forward)` ಇಟ್ಟು, ಲೇಯರಿನ ನಾಲ್ಕು ಮೂಲೆಗಳನ್ನು ಬೋರ್ಡಿನ ನಾಲ್ಕು ಮೂಲೆಗಳ ಮೇಲೆ ಕೂರಿಸಿದರೆ ಅಕ್ಷರ ತಾನಾಗಿಯೇ ತನ್ನ ಜಾಗಕ್ಕೆ, ತನ್ನ ಓರೆಗೆ ಹೋಗಿ ನಿಲ್ಲುತ್ತದೆ. ಕಣ್ಣಂದಾಜಿನ ಮಾತೇ ಇಲ್ಲ. ಫೋಟೋಶಾಪಿನಲ್ಲಿ ಮಾಡುವವರು ಲೇಯರಿನ ನಾಲ್ಕೂ ಮೂಲೆಯಲ್ಲಿ ಒಂದೊಂದು ಚುಕ್ಕೆ ಇಟ್ಟಿರಬೇಕು. ಇಲ್ಲದಿದ್ದರೆ `Ctrl+T` ಬೋರ್ಡಿನ ಅಳತೆ ಬಿಟ್ಟು ಅಕ್ಷರದ ಸುತ್ತ ಮಾತ್ರ ಚೌಕಟ್ಟು ಹಾಕುತ್ತದೆ. ಅಷ್ಟಾದರೂ ಅಕ್ಷರ ಸಾಲಿನಿಂದ ಮೂರ್ನಾಲ್ಕು ಪಿಕ್ಸೆಲ್ ಮೇಲೆ ಕೆಳಗೆ ನಿಂತರೆ, ಕಾರಣ ಸಾಮಾನ್ಯವಾಗಿ ಮೊಬೈಲ್ ಲೆನ್ಸು ಇಲ್ಲವೇ ತಗಡಿನ ಉಬ್ಬು. ಬೋರ್ಡಿನ ಮೇಲಂಚಿನ ಗುಂಟ ಒಂದು ನೇರ ಗೆರೆ ಎಳೆದು ನೋಡಿ. ನಡುವೆ ಅಂಚು ಬಾಗಿದ್ದರೆ ಅಕ್ಷರವನ್ನು ಅಷ್ಟೇ ಸರಿಸಿ ಸಾಕು.

ಜಾಗದ ಪ್ರಶ್ನೆ ಉಳೀತು. ‘ನಿ’ 150 ಪಿಕ್ಸೆಲ್ ಅಗಲ, ‘ಣಿ’ಗೆ 215 ಬೇಕು. ಅಡ್ಡಕ್ಕೆ ಶೇಕಡಾ 6ರಷ್ಟು ಕಿರಿದು ಮಾಡಿದರೆ 202. ಅದಕ್ಕಿಂತ ಹಿಂಡಿದರೆ ‘ಣ’ದ ಒಳಗಿನ ಖಾಲಿ ಜಾಗ ಮುಚ್ಚಿಹೋಗಿ ಅಕ್ಷರ ಕಪ್ಪಿಟ್ಟಂತೆ ಕಾಣುತ್ತದೆ. ಉಳಿದ 52 ಪಿಕ್ಸೆಲ್ಲನ್ನು ‘ಅಂಗಡಿ’ಯ ಹಿಂದಿನ ಖಾಲಿ ಜಾಗದಿಂದ ತಗೊಳ್ಳೋದು. ಅಲ್ಲಿ 110 ಇದ್ದದ್ದು 58 ಆಗುತ್ತದೆ. ಅಕ್ಷರ ಅಕ್ಷರದ ನಡುವಿನ ಅಂತರ 18 ಇರೋದರಿಂದ ಎರಡು ಪದ ಬೇರೆ ಬೇರೆ ಅಂತ ಓದಿಸಿಕೊಳ್ಳುತ್ತವೆ. ‘ಅಂಗಡಿ’ಯನ್ನೇ ಬಲಕ್ಕೆ ಸರಿಸೋ ಆಸೆ ಹುಟ್ಟುತ್ತದೆ, ಬೇಡ. ಸರಿಸಿದರೆ ಮೂರು ಅಕ್ಷರದ ಹಿಂದಿನ ಹಳದಿಯನ್ನೂ ಹೊಸದಾಗಿ ಕಟ್ಟಬೇಕು. ಸಾಲಿನ ಕೊನೆಗೆ ಬಂದಾಗ ಸ್ವಲ್ಪ ಒತ್ತಿ ಬರೆಯೋದು ಪೇಂಟರುಗಳೂ ಮಾಡೋದೇ.

ಈಗ ಹಳೆಯ ‘ನಿ’ ಅಳಿಸಬೇಕು, ಅದರ ಕಪ್ಪು ನೆರಳಿನ ಸಮೇತ. ಇದು ಮೂಲ ಫೋಟೋದಲ್ಲೇ ಆಗಬೇಕು. ಹೀಲ್ ಟೂಲ್ ಸುತ್ತಲಿನ ಬಣ್ಣವನ್ನು ಒಳಗೆ ಎಳೆಯುತ್ತದೆ. ‘ರಾ’ದ ಅಂಚಿನ ಹತ್ತಿರ ಅದನ್ನು ತಂದರೆ ಹಳದಿಯೊಳಗೆ ಕೆಂಪು ಹೊಗೆ ಹರಡಿದಂತಾಗುತ್ತದೆ. ಆದ್ದರಿಂದ ಅಂಚಿನಿಂದ ಹತ್ತು ಪಿಕ್ಸೆಲ್ ಒಳಗೆ ಕ್ಲೋನ್, ನಡುವೆ ಮಾತ್ರ ಹೀಲ್. ಹಳದಿಯನ್ನು ಎತ್ತಿಕೊಳ್ಳೋದು ಅದೇ ಎತ್ತರದ ಅಕ್ಕಪಕ್ಕದಿಂದ. ಬೋರ್ಡಿನ ಮೇಲ್ಭಾಗಕ್ಕೆ ಸೂರಿನ ನೆರಳು ಬಿದ್ದಿದೆ, ಕೆಳಗಿನ ಹಳದಿ ಅಲ್ಲಿಗೆ ಹೊಂದೋದಿಲ್ಲ.

ಬಣ್ಣವನ್ನೂ ಮೂಲ ಫೋಟೋದಲ್ಲೇ ತುಂಬಿ. ಸಪಾಟು ನಕಲಿನಿಂದ ಬರಬೇಕಾದದ್ದು ಆಕಾರ ಮಾತ್ರ. ಅಲ್ಲಿಂದ ಕೆಂಪನ್ನೂ ತಂದರೆ ಅದು ಎರಡು ಸಲ ಹಿಗ್ಗಿ ಕುಗ್ಗಿ, ಬ್ರಶ್ಶಿನ ಎಳೆಗಳೆಲ್ಲ ನುಣುಪಾಗಿ, ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಒಂದೇ ಕೆಂಪನ್ನೂ ಸುರಿಯಬೇಡಿ. ಇದೇ ‘ರಾ’ದಲ್ಲಿ ಆರ್‌ಜಿಬಿ ಮೇಲೆ 142, 30, 30 ಇದ್ದರೆ ಕೆಳಗೆ ಬಿಸಿಲಿಗೆ 168, 38, 34 ಇದೆ. ‘ಣಿ’ಯ ಲೇಯರಿಗೆ ಆಲ್ಫಾ ಲಾಕ್ ಹಾಕಿ, ‘ರಾ’ದಿಂದ ಮತ್ತು ‘ಡಿ’ಯಿಂದ ಅದೇ ಎತ್ತರದ ಕೆಂಪನ್ನು ಕ್ಲೋನ್ ಮಾಡುತ್ತಾ, ಗೆರೆ ಸಾಗುವ ದಿಕ್ಕಿನಲ್ಲೇ ತುಂಬಿ. ಅಡ್ಡ ಗೆರೆಗೆ ಅಡ್ಡ ಗೆರೆಯಿಂದಲೇ ಎತ್ತಿಕೊಳ್ಳಬೇಕು. ಕಪ್ಪು ನೆರಳಿಗೆ ಬೇರೆ ಲೇಯರ್: ಸಪಾಟು ನಕಲಿನಲ್ಲಿ ಅದೇ ಆಕಾರವನ್ನು 9 ಪಿಕ್ಸೆಲ್ ಬಲಕ್ಕೆ, 9 ಕೆಳಕ್ಕೆ ಸರಿಸಿ, ಅಕ್ಷರದ ಜೊತೆಗೇ ಓರೆ ಮಾಡಿ ತಂದಿರಬೇಕು. ಮೂಲದಲ್ಲಿ ಡ್ರಾಪ್ ಶ್ಯಾಡೋ ಹಾಕಿದರೆ ಅದು ಬೋರ್ಡಿನ ಓರೆಗೆ ಸೇರೋದಿಲ್ಲ.

ಕೊನೆಗೆ ಅಂಚು. ಫೋಟೋದಲ್ಲಿ ಕೆಂಪು ಹಳದಿಗೆ ತಿರುಗೋಕೆ ಮೂರ್ನಾಲ್ಕು ಪಿಕ್ಸೆಲ್ ತಗೊಳ್ಳುತ್ತದೆ, ನಮ್ಮ ಅಕ್ಷರ ಒಂದೆರಡರಲ್ಲೇ ತಿರುಗುತ್ತದೆ. ಲಾಕ್ ತೆಗೆದು ಸುಮಾರು 1ರ ಗಾಸಿಯನ್ ಬ್ಲರ್ ಅಂಚಿಗೆ ಮಾತ್ರ ಕೊಡಿ. ಪರೀಕ್ಷೆ ಮಾಡೋಕೆ ಎಲ್ಲದರ ಮೇಲೆ ಒಂದು ತಾತ್ಕಾಲಿಕ ಲೇಯರಿಟ್ಟು ಕಾಂಟ್ರಾಸ್ಟ್ ವಿಪರೀತ ಏರಿಸಿ. ಹಳದಿಯಲ್ಲಿ ‘ನಿ’ ಇದ್ದ ಜಾಗ ಮೋಡದಂತೆ ಬೇರೆ ಕಂಡರೆ ಹಿನ್ನೆಲೆ ಇನ್ನೂ ಹೊಂದಿಲ್ಲ ಅಂತ ಅರ್ಥ. ಆಮೇಲೆ ಚಿತ್ರವನ್ನು ಕನ್ನಡಿಯಂತೆ ಎಡಬಲ ತಿರುಗಿಸಿ ನೋಡಿ. ಓದೋಕೆ ಬಾರದಿದ್ದಾಗ ಕಣ್ಣು ಬರೀ ಆಕಾರ ನೋಡುತ್ತದೆ, ದಪ್ಪವಾದ ಗೆರೆ, ಜಾರಿದ ಗುಡಿಸು ಆಗಲೇ ಸಿಕ್ಕಿಬೀಳುತ್ತವೆ. ಸಪಾಟು ನಕಲಿನ ಒಂದು ಪ್ರಿಂಟನ್ನು ಅಂಗಡಿಯವರಿಗೂ ಕೊಡಿ. ಅಗಲ, ಅಂತರ ಎಲ್ಲ ಅದರಲ್ಲೇ ಇರೋದರಿಂದ ಪೇಂಟರ್ ಬಂದಾಗ ತಗಡಿನ ಮೇಲೂ ‘ಣಿ’ ಬರೆಸಬಹುದು.