ನೂರಕ್ಕೆ ಮೂರು: ಕ್ಯಾಂಟೀನ್ ತಟ್ಟೆಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಊಟ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿದ್ದೀರಿ. ನಾನೂ ನಿಮ್ಮ ಜೊತೆಗೇ ಕ್ಯೂ ನಿಂತು, ನಿಮ್ಮ ಕ್ಯಾಂಟೀನಿನಲ್ಲೇ ಉಂಡು ಬಂದೆ. ಹೊರಗೆ ತಿನ್ನುವುದನ್ನು ಬಿಡಿ ಅಂತ ಹೇಳೋಕೆ ನಾನು ಬಂದಿಲ್ಲ. ಬೆಳಗ್ಗೆ ದರ್ಶಿನಿ, ಮಧ್ಯಾಹ್ನ ಕ್ಯಾಂಟೀನು, ವಾರಕ್ಕೆರಡು ರಾತ್ರಿ ಹೋಟೆಲು. ನಮ್ಮಲ್ಲಿ ತುಂಬಾ ಜನರ ಊಟ ಇದೇ ಅಲ್ವಾ? ಮನೆಯಲ್ಲಿ ಮಾಡ್ಕೊಳ್ಳಿ ಅಂದುಬಿಟ್ಟರೆ ನನ್ನ ಕೆಲಸ ಮುಗಿಯುತ್ತೆ, ನಿಮಗೆ ಏನೂ ಸಿಗಲ್ಲ.

ಒಂದೇ ಒಂದು ಲೆಕ್ಕ ಇಟ್ಟುಕೊಂಡು ಬಂದಿದ್ದೇನೆ. ನೂರಕ್ಕೆ ಮೂರು. ನೂರು ಕ್ಯಾಲರಿ ತಿಂದರೆ ಅದರಲ್ಲಿ ಮೂರು ಗ್ರಾಂ ಪ್ರೋಟೀನ್ ಇರಬೇಕು.

ಈ ಮೂರು ಎಲ್ಲಿಂದ ಬಂತು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಅಂಕಿ ನೋಡಿ. ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೆ ದಿನಕ್ಕೆ 1,660 ಕ್ಯಾಲರಿ, ಸುಮಾರು 46 ಗ್ರಾಂ ಪ್ರೋಟೀನ್. 65 ಕಿಲೋ ಗಂಡಸಿಗೆ 2,110 ಕ್ಯಾಲರಿ, 54 ಗ್ರಾಂ. ಭಾಗಿಸಿದರೆ ಒಬ್ಬರಿಗೆ ನೂರಕ್ಕೆ 2.8 ಬರುತ್ತೆ, ಇನ್ನೊಬ್ಬರಿಗೆ 2.6. ನಾನು ಮೂರು ಅಂತ ಹಿಡಿದೆ. ತೂಕ ಇಳಿಸಲು ಊಟ ಕಡಿಮೆ ಮಾಡಿರುವವರು ನಾಲ್ಕು ಹಿಡಿಯಿರಿ. ಯಾಕೆಂದರೆ ಕ್ಯಾಲರಿ ಇಳಿಸಿದರೂ ಪ್ರೋಟೀನ್ ಇಳಿಸುವ ಹಾಗಿಲ್ಲ. ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ನನ್ನ ಈ ಲೆಕ್ಕ ಹಿಡಿಯಬೇಡಿ, ನಿಮ್ಮ ಡಾಕ್ಟರು ಹೇಳಿದ ಅಳತೆಯೇ ನಿಮಗೆ ಸರಿ.

ಈಗ ದರ್ಶಿನಿಗೆ ಹೋಗೋಣ. ಇಡ್ಲಿ ಹಿಟ್ಟು ಅಂದರೆ ಮೂರು ಪಾಲು ಅಕ್ಕಿ, ಒಂದು ಪಾಲು ಉದ್ದಿನ ಬೇಳೆ ಅಂದುಕೊಳ್ಳಿ. ಹಬೆಯಲ್ಲಿ ಬೇಯುತ್ತೆ, ಎಣ್ಣೆ ಇಲ್ಲ. ನೂರಕ್ಕೆ ಸುಮಾರು 3.3 ಬರುತ್ತೆ. ಪಾಸು. ಅದೇ ಹಿಟ್ಟನ್ನು ಕಾವಲಿಗೆ ಹುಯ್ದು ಮಸಾಲೆ ದೋಸೆ ಮಾಡಿ. ಹಿಟ್ಟಿನಿಂದ 200 ಕ್ಯಾಲರಿ, ಆರೂವರೆ ಗ್ರಾಂ ಪ್ರೋಟೀನ್. ಮೇಲೆ ಎಣ್ಣೆ, ಬೆಣ್ಣೆ ಸೇರಿ 15 ಗ್ರಾಂ ಅಂದರೂ ನೂರ ಮೂವತ್ತು ಕ್ಯಾಲರಿ ಆಯ್ತು, ಪ್ರೋಟೀನ್ ಸೊನ್ನೆ. ಒಳಗಿನ ಆಲೂಗಡ್ಡೆ ಪಲ್ಯ ಇನ್ನೊಂದು ನೂರು ಕ್ಯಾಲರಿ, ಪ್ರೋಟೀನ್ ಒಂದೂವರೆ ಗ್ರಾಂ. ಒಟ್ಟು 430 ಕ್ಯಾಲರಿಗೆ 8 ಗ್ರಾಂ. ನೂರಕ್ಕೆ ಎರಡೂ ಬರಲಿಲ್ಲ. ಹಿಟ್ಟು ಒಂದೇ. ಮಾರ್ಕು ಕಳೆದಿದ್ದು ಎಣ್ಣೆ ಮತ್ತು ಆಲೂಗಡ್ಡೆ.

ಈಗ ವಡೆ. ಎಲ್ಲರೂ ವಡೆಯನ್ನೇ ಬೈಯುತ್ತಾರೆ. ಸುಮ್ನೆ ಬೈಯುತ್ತಾರೆ. ಉದ್ದಿನ ವಡೆ ಪೂರ್ತಿ ಬೇಳೆ. ಒಂದು ವಡೆಗೆ ಸುಮಾರು 25 ಗ್ರಾಂ ಉದ್ದಿನ ಬೇಳೆ ಹೋದರೆ 6 ಗ್ರಾಂ ಪ್ರೋಟೀನ್. ಎಣ್ಣೆ ಕುಡಿದ ಮೇಲೆ 160, 170 ಕ್ಯಾಲರಿ. ನೂರಕ್ಕೆ ಮೂರೂವರೆ! ಹಾಗಂತ ನಾಲ್ಕು ವಡೆ ತಿನ್ನಬೇಡಿ, ಕ್ಯಾಲರಿಗೆ ಒಂದು ಮಿತಿ ಇದ್ದೇ ಇದೆ. ಆದರೆ ಎರಡು ಇಡ್ಲಿ, ಒಂದು ವಡೆ ತಿಂದವರು ಒಂದು ಪ್ಲೇಟ್ ಖಾರಾಬಾತ್ ತಿಂದವರಿಗಿಂತ ಚೆನ್ನಾಗಿ ತಿಂದಿದ್ದಾರೆ. ಖಾರಾಬಾತಿನಲ್ಲಿ ರವೆ ಮತ್ತು ಎಣ್ಣೆ. 380 ಕ್ಯಾಲರಿಗೆ 7 ಗ್ರಾಂ ಸಿಕ್ಕರೆ ಹೆಚ್ಚು. ಕೇಸರಿಬಾತಿನದ್ದು ನೂರಕ್ಕೆ ಒಂದೂ ಬರಲ್ಲ. ಅದನ್ನು ಸಿಹಿ ಅಂತ ತಿನ್ನಿ, ತಿಂಡಿ ಅಂತ ತಿನ್ನಬೇಡಿ.

ಈ ಅಂಕಿಗಳೆಲ್ಲ ಅಂದಾಜು. ಹೋಟೆಲಿಂದ ಹೋಟೆಲಿಗೆ ಇಡ್ಲಿ ಗಾತ್ರ ಬೇರೆ, ಹಿಟ್ಟಿನಲ್ಲಿ ಉದ್ದು ಎಷ್ಟು ಅನ್ನೋದೂ ಬೇರೆ. ಒಂದು ಊರಿನ ಇಡ್ಲಿ ಮುಟ್ಟಿದರೆ ಹತ್ತಿ, ಇನ್ನೊಂದು ಊರಿನದು ಕೈಲಿ ಹಿಡಿದರೆ ಗೋಡೆಗೆ ಹೊಡೆಯೋ ಹಾಗಿರುತ್ತೆ. ಆದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಸಾಲು ಅಷ್ಟು ಸುಲಭಕ್ಕೆ ಬದಲಾಗಲ್ಲ.

ಈಗ ನನಗೆ ತುಂಬಾ ಇಷ್ಟದ ಕಥೆ. ಕೆಲವು ವರ್ಷದ ಹಿಂದೆ ಒಂದು ಕಚೇರಿಯ ಕ್ಯಾಂಟೀನಿಗೆ ನನ್ನನ್ನು ಕರೆದಿದ್ದರು. ಯಾಕೋ ಎಲ್ಲರಿಗೂ ಮಧ್ಯಾಹ್ನ ನಾಲ್ಕಕ್ಕೇ ಹಸಿವು, ಬಜ್ಜಿಗೆ ಕ್ಯೂ. ನಾನು ಒಂದು ಅಡುಗೆ ತಕ್ಕಡಿ, ಒಂದು ಟೀ ಸೋಸುವ ಜಾಲರಿ ತೆಗೆದುಕೊಂಡು ಹೋದೆ. ಅಲ್ಲಿನ ಅಡುಗೆ ಭಟ್ಟರಿಗೆ ಮೊದಲು ಸಿಟ್ಟು ಬಂತು. "ಏನಮ್ಮಾ, ನನ್ನ ಸಾಂಬಾರ್ ಸೋಸ್ತೀರಾ?" ಅಂದರು. ಕೂತು ಒಂದು ಕಾಫಿ ಕುಡಿದ ಮೇಲೆ ಸರಿಹೋದರು.

ಅವರದ್ದು ಸೊಂಟದೆತ್ತರದ ತಪ್ಪಲೆ. ಹನ್ನೆರಡೂವರೆಗೆ ಬಡಿಸಲು ಶುರು. ಮೊದಲ ಸೌಟು ಮೇಲಿನಿಂದ ತೆಗೆದೆವು. ಜಾಲರಿಗೆ ಹುಯ್ದೆ. ಎರಡು ತುಂಡು ಬೂದುಗುಂಬಳ, ನಾಲ್ಕು ಕರಿಬೇವಿನ ಎಲೆ, ಅಷ್ಟೇ ಉಳಿಯಿತು. ಕೆಳಗೆ ತಟ್ಟೆಗೆ ಬಿದ್ದಿದ್ದು ಬಣ್ಣದ ನೀರು. ಆಮೇಲೆ ಭಟ್ಟರು ಉದ್ದ ಸೌಟನ್ನು ತಳಕ್ಕೆ ಇಳಿಸಿ ತೆಗೆದರು. ಜಾಲರಿಯ ಕಣ್ಣು ಮುಚ್ಚಿಹೋಯಿತು. ಹಳದಿ ಬೇಳೆ ಗಟ್ಟಿಯಾಗಿ ಕೂತಿತ್ತು, ಚಮಚದಲ್ಲಿ ಕೆರೆದು ತೆಗೆಯಬೇಕಾಯಿತು. ಭಟ್ಟರು ಆಗ ಒಂದು ಮಾತು ಹೇಳಿದರು. "ಮೊದಲು ಬಂದವರಿಗೆ ಸಾರು, ಕೊನೆಗೆ ಬಂದವರಿಗೆ ಸಾಂಬಾರ್, ಅಮ್ಮಾ. ಬಡಿಸೋ ಹುಡುಗರು ಸೌಟು ಆಡಿಸಲ್ಲ."

ಎಷ್ಟು ಬೇಳೆ ಹಾಕ್ತೀರಿ ಅಂತ ಕೇಳಿದೆ. 200 ಜನಕ್ಕೆ 4 ಕಿಲೋ ತೊಗರಿ ಬೇಳೆ ಅಂದರು. ತಲೆಗೆ 20 ಗ್ರಾಂ. ತೊಗರಿ ಬೇಳೆಯಲ್ಲಿ ನೂರು ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್. ಅಂದರೆ ಸಮವಾಗಿ ಹಂಚಿದರೂ ಒಬ್ಬರಿಗೆ ನಾಲ್ಕೂವರೆ ಗ್ರಾಂ ಮುಟ್ಟಲ್ಲ. ನಾವೆಲ್ಲ "ಬೇಳೆ ತಿಂತೀವಲ್ಲ, ಪ್ರೋಟೀನ್ ಆಯ್ತಲ್ಲ" ಅಂದುಕೊಂಡಿರೋದು ಈ ನಾಲ್ಕು ಗ್ರಾಂ ಮೇಲೆ. ಬೇಳೆ ದರ ಏರಿದ ತಿಂಗಳು 4 ಕಿಲೋ 3 ಆಗುತ್ತೆ, ಅದನ್ನೂ ಭಟ್ಟರೇ ಹೇಳಿದರು.

ನಿಮ್ಮ ಹತ್ತಿರ ಜಾಲರಿ ಇರಲ್ಲ. ಅನ್ನದ ಮೇಲೆ ಹುಯ್ದು ನೋಡಿ. ಸಾಂಬಾರ್ ಓಡಿಹೋಗಿ ತಟ್ಟೆಯ ಅಂಚಿಗೆ ಸೇರಿ, ಅನ್ನದ ಗುಡ್ಡೆ ಮತ್ತೆ ಬೆಳ್ಳಗೆ ಕಂಡರೆ ಅದು ತಿಳಿ. ಅಗುಳಿಗೆ ಅಂಟಿಕೊಂಡು ನಿಂತರೆ ಬೇಳೆ ಇದೆ. ಇನ್ನೊಂದು ಸೌಟು ಬೇಕಾದಾಗ "ಸ್ವಲ್ಪ ತಳದಿಂದ ಕೊಡಪ್ಪಾ" ಅಂತ ಕೇಳಿ. ಅದಕ್ಕೆ ದುಡ್ಡಿಲ್ಲ.

ಅದೇ ಭಟ್ಟರು ಎಣ್ಣೆ ಲೆಕ್ಕವನ್ನೂ ಕೊಟ್ಟರು. ತಿಂಗಳಿಗೆ 15 ಕಿಲೋದ ಎಂಟು ಡಬ್ಬ. 120 ಕಿಲೋ. ದಿನಕ್ಕೆ 200 ಊಟ, 22 ದಿನ, 4,400 ಊಟ. ಒಂದು ಊಟಕ್ಕೆ 27 ಗ್ರಾಂ ಎಣ್ಣೆ, ಹತ್ತಿರ ಹತ್ತಿರ 245 ಕ್ಯಾಲರಿ. 2,000 ಕ್ಯಾಲರಿ ಊಟಕ್ಕೆ ಪೋಷಣಾ ಸಂಸ್ಥೆ ಹೇಳುವ ಎಣ್ಣೆ, ತುಪ್ಪ ಎಲ್ಲಾ ಸೇರಿ ಇಡೀ ದಿನಕ್ಕೆ 27 ಗ್ರಾಂ! ಅದು ಒಂದೇ ತಟ್ಟೆಯಲ್ಲಿ ಹೋಯಿತು. ಸ್ವಲ್ಪ ಎಣ್ಣೆ ಬಾಣಲೆಯಲ್ಲಿ ಉಳಿದು ಚೆಲ್ಲಿಹೋಗುತ್ತೆ ಅಂತ ಕಳೆದರೂ ಜಾಸ್ತಿಯೇ. ನಿಮ್ಮ ಕ್ಯಾಂಟೀನ್ ಸಮಿತಿಯವರು ಇಲ್ಲಿದ್ದಾರೆ ಅಂತ ಕೇಳಿದೆ. ದಯವಿಟ್ಟು ಈ ಎರಡು ಲೆಕ್ಕ ಮಾಡಿ. ಬೇಳೆಯ ಕಿಲೋ, ಎಣ್ಣೆಯ ಡಬ್ಬ, ಎರಡನ್ನೂ ಊಟದ ಸಂಖ್ಯೆಯಿಂದ ಭಾಗಿಸಿ. ಯಾವ ಮೊಬೈಲ್ ಆ್ಯಪೂ ಇಷ್ಟು ನಿಜವಾದ ಅಂಕಿ ಕೊಡಲ್ಲ.

ಆ್ಯಪ್ ಅಂದೆ, ಅದರಲ್ಲೊಂದು ತಪ್ಪು ತುಂಬಾ ಜನ ಮಾಡ್ತಾರೆ. 100 ಗ್ರಾಂ ಅಕ್ಕಿಗೆ 350 ಕ್ಯಾಲರಿ, 100 ಗ್ರಾಂ ಅನ್ನಕ್ಕೆ 130. ಅನ್ನ ತೂಗಿ ಅಕ್ಕಿ ಅಂತ ಬರೆದರೆ ಲೆಕ್ಕ ಪೂರ್ತಿ ತಲೆಕೆಳಗು.

ಸರಿ, ಒಂದು ತಟ್ಟೆ ನೋಡೋಣ. ಆ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಒಬ್ಬರು ಅಕ್ಕ ಇದ್ದರು. 58 ಕಿಲೋ ತೂಕ. ದಿನಕ್ಕೆ 48 ಗ್ರಾಂ ಪ್ರೋಟೀನ್ ಬೇಕು, ಕ್ಯಾಲರಿ 1,500ರ ಒಳಗೆ ಇರಬೇಕು ಅಂತ ಅವರ ಆಸೆ. ಅವರ ತಟ್ಟೆ ತೂಗಿದೆವು. ಎರಡು ಚಪಾತಿ, ಎಲೆಕೋಸಿನ ಪಲ್ಯ, 300 ಗ್ರಾಂ ಅನ್ನ, ಎರಡು ಸೌಟು ಸಾಂಬಾರ್, ರಸಂ, ಚಿಕ್ಕ ಬಟ್ಟಲು ಮೊಸರು, ಹಪ್ಪಳ. ಕೂಡಿಸಿದರೆ 960 ಕ್ಯಾಲರಿ, 23 ಗ್ರಾಂ ಪ್ರೋಟೀನ್. ನೂರಕ್ಕೆ 2.4. ಹೊಟ್ಟೆ ಬಿರಿಯುವಷ್ಟು ಉಂಡಿದ್ದಾರೆ, ಆದರೂ ನಾಲ್ಕಕ್ಕೆ ಬಜ್ಜಿ ಬೇಕು ಅನಿಸುತ್ತೆ.

ಅದೇ ಕೌಂಟರಿನಿಂದ ಐದು ಬದಲಾವಣೆ ಮಾಡಿದೆವು. ಅನ್ನ ಅರ್ಧ. ಹಪ್ಪಳ ಬೇಡ. ಎಲೆಕೋಸಿನ ಬದಲು ಅವತ್ತಿದ್ದ ಹೆಸರುಕಾಳಿನ ಉಸ್ಲಿ, ದೊಡ್ಡ ಬಟ್ಟಲಲ್ಲಿ. ಮೊಸರು ಒಂದು ಬಟ್ಟಲಿನ ಬದಲು ಮೂರು, ಒಟ್ಟು 150 ಗ್ರಾಂ. ಸಾಂಬಾರ್ ತಳದಿಂದ. ಈಗ 865 ಕ್ಯಾಲರಿ, 32 ಗ್ರಾಂ ಪ್ರೋಟೀನ್. ನೂರಕ್ಕೆ 3.7. ಅಕ್ಕ ಮೊಟ್ಟೆ ತಿನ್ನುತ್ತಾರೆ. ಹಾಗಾಗಿ ಇನ್ನೊಂದು ದಿನ ಒಂದು ಚಪಾತಿ ಬಿಟ್ಟು ಎರಡು ಬೇಯಿಸಿದ ಮೊಟ್ಟೆ ಇಟ್ಟುಕೊಂಡರು. 895 ಕ್ಯಾಲರಿ, 41 ಗ್ರಾಂ. ದಿನದ ಲೆಕ್ಕ ಮಧ್ಯಾಹ್ನಕ್ಕೇ ಮುಗಿಯುತ್ತಾ ಬಂತು. ಬೆಳಗ್ಗೆ ಎರಡು ಇಡ್ಲಿ, ರಾತ್ರಿ ಹಗುರವಾಗಿ ಏನಾದರೂ ತಿಂದರೆ ಸಾಕು. 1,500ರ ಒಳಗೇ ಇರಬಹುದು.

ಗಮನಿಸಿ, ಅವರು ಅನ್ನ ಬಿಡಲಿಲ್ಲ, ಸಾಂಬಾರ್ ಬಿಡಲಿಲ್ಲ. ಮೊದಲು ಕಾಳು, ಮೊಸರು, ಮೊಟ್ಟೆ ತಟ್ಟೆಗೆ ಹಾಕಿಕೊಂಡರು, ಉಳಿದ ಜಾಗಕ್ಕೆ ಅನ್ನ. ಕೌಂಟರಿನಲ್ಲಿ ಅನ್ನವೇ ಮೊದಲು ಸಿಗುವುದರಿಂದ ನಾವು ಉಲ್ಟಾ ಮಾಡುತ್ತೇವೆ. ಖಾಲಿ ತಟ್ಟೆ ಹಿಡಿದು ಅನ್ನ ದಾಟಿ ಮುಂದೆ ಹೋಗಿ ಬನ್ನಿ, ಹಿಂದಿನವರು ಸ್ವಲ್ಪ ಗೊಣಗಬಹುದು.

ಚೀಟಿ ಬಂತು. ಐದು ನಿಮಿಷ ಅಂತೆ. ರಾತ್ರಿಯ ಹೋಟೆಲು ಪೂರ್ತಿ ಉಳಿದುಬಿಟ್ಟಿತು, ಬೇಗ ಹೇಳ್ತೀನಿ.

ಪನೀರ್ ಅಂದ ತಕ್ಷಣ ಪ್ರೋಟೀನ್ ಅಂತ ನಂಬಬೇಡಿ. ಪನೀರ್ ಬಟರ್ ಮಸಾಲಾದಲ್ಲಿ ನಿಮ್ಮ ಪಾಲಿಗೆ ನಾಲ್ಕು ತುಂಡು, 60 ಗ್ರಾಂ ಬಂದರೆ 11 ಗ್ರಾಂ ಪ್ರೋಟೀನ್. ಉಳಿದಿದ್ದು ಗೋಡಂಬಿ, ಬೆಣ್ಣೆ, ಕ್ರೀಮು. ತುಂಡು ಎಣಿಸಿ, ಗ್ರೇವಿ ತಟ್ಟೆಯಲ್ಲೇ ಬಿಡಿ, ಅಥವಾ ತಂದೂರಿಯಲ್ಲಿ ಸುಟ್ಟ ಪನೀರ್ ಟಿಕ್ಕಾ ತರಿಸಿ. ಬಿರಿಯಾನಿಯೂ ಹಾಗೇ, ಎರಡು ತುಂಡು ಕೋಳಿಗೆ ಒಂದು ಬೆಟ್ಟ ಅನ್ನ. ಇಬ್ಬರು ಒಂದು ಬಿರಿಯಾನಿ ಹಂಚಿಕೊಂಡು ಜೊತೆಗೆ ತಂದೂರಿ ಚಿಕನ್ ತೆಗೆದುಕೊಂಡರೆ ದುಡ್ಡು ಹೆಚ್ಚುಕಡಿಮೆ ಅಷ್ಟೇ, ಲೆಕ್ಕ ಪೂರ್ತಿ ಬೇರೆ. ಮಂಡ್ಯ ಕಡೆಯವರು ಯಾರೋ ಮುದ್ದೆ ಬಗ್ಗೆ ಕೇಳಿದ್ದರು. ರಾಗಿ ಹಿಟ್ಟು ನೂರು ಗ್ರಾಂಗೆ 320 ಕ್ಯಾಲರಿ, 7 ಗ್ರಾಂ ಪ್ರೋಟೀನ್. ಬರೀ ಮುದ್ದೆ ನೂರಕ್ಕೆ ಎರಡು ಚಿಲ್ಲರೆ, ಫೇಲು. ಬಸ್ಸಾರಿನ ಜೊತೆ ಕಾಳಿನ ಪಲ್ಯ ಬಂದರೆ, ಅಥವಾ ಕೋಳಿ ಸಾರಿನಲ್ಲಿ ತುಂಡು ಬಂದರೆ ಪಾಸು. ಮುದ್ದೆ ಒಂದೇ ಸಾಕು, ಎರಡನೆಯದು ಬೇಡ.

ಕಾಫಿ, ಟೀ ಬಗ್ಗೆ ಹೇಳೋಕೆ ಸಮಯ ಇಲ್ಲ. ತಕ್ಕಡಿ, ಜಾಲರಿ ಎರಡೂ ತಂದಿದ್ದೇನೆ. ನಿಮ್ಮ ಕ್ಯಾಂಟೀನಿನವರು ಇವತ್ತಿನ ಸಾಂಬಾರ್ ಒಂದು ಪಾತ್ರೆಯಲ್ಲಿ ಎತ್ತಿಟ್ಟಿದ್ದಾರೆ, ಅಲ್ಲಿ ಹಿಂದಿನ ಮೇಜಿನ ಮೇಲಿದೆ. ಬನ್ನಿ, ಮೇಲಿನದೊಂದು ಸೌಟು, ತಳದ್ದೊಂದು ಸೌಟು ಸೋಸಿ ನೋಡೋಣ.